ಬಾವಂಚಿ ಬೀಜದ ಸತ್ವ ರೆಟಿನಾಲ್‌ಗೆ ಸಾಟಿಯೇ?

ಮುಖದ ಸುಕ್ಕು, ಕಲೆಗಳಿಗೆಂದು ರೆಟಿನಾಲ್ ಹಚ್ಚಿ, ಚರ್ಮ ಉರಿದು ಸಿಪ್ಪೆ ಎದ್ದಾಗ ಅರ್ಧಕ್ಕೇ ಬಿಟ್ಟವರು ಅನೇಕರು. ಅಂಥವರಿಗೆ ಈಗ ಅಂಗಡಿಯವರು ತೋರಿಸುವ ಹೆಸರು ಬಾಕುಚಿಯೋಲ್. ಇದು ಆಯುರ್ವೇದದಲ್ಲಿ ತೊನ್ನಿನ ಮದ್ದೆಂದು ಬಳಕೆಯಲ್ಲಿರುವ ಬಾವಂಚಿ ಗಿಡದ ಬೀಜದಲ್ಲಿರುವ ರಾಸಾಯನಿಕ. ರೆಟಿನಾಲ್ ಎ ಜೀವಸತ್ವದ ಒಂದು ರೂಪ. ಬಾಕುಚಿಯೋಲ್ ಆ ವರ್ಗಕ್ಕೆ ಸೇರಿದ್ದೇ ಅಲ್ಲ, ಎರಡರ ಅಣುರಚನೆಯೂ ಬೇರೆ. ಆದರೂ ಪ್ರಯೋಗಾಲಯದಲ್ಲಿ ಚರ್ಮದ ಕೋಶಗಳ ಮೇಲೆ ಎರಡೂ ಹಲವು ಬಗೆಯಲ್ಲಿ ಒಂದೇ ತರಹದ ಪರಿಣಾಮ ಬೀರಿದ್ದು ಸಂಶೋಧಕರ ಕುತೂಹಲ ಕೆರಳಿಸಿತು.

ಜಾಹೀರಾತುಗಳ ಮಾತಿಗೆ ಬಹುಪಾಲು ಆಧಾರ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಒಂದೇ ಅಧ್ಯಯನ. 44 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಶೇ. 0.5ರ ಬಾಕುಚಿಯೋಲ್ ಕ್ರೀಮ್, ಇನ್ನೊಂದಕ್ಕೆ ಶೇ. 0.5ರ ರೆಟಿನಾಲ್ ಕ್ರೀಮ್ ಕೊಟ್ಟರು. ಆಗಾಗ ಮುಖದ ಫೋಟೊ ತೆಗೆದು ಅಳೆದರು. ಯಾರು ಯಾವುದನ್ನು ಹಚ್ಚುತ್ತಿದ್ದಾರೆಂದು ತಿಳಿಯದ ಚರ್ಮವೈದ್ಯರು ಕಲೆಗಳನ್ನು ಪರಿಶೀಲಿಸಿದರು. ಎರಡೂ ಗುಂಪುಗಳಲ್ಲಿ ಸುಕ್ಕು, ಕಲೆ ಕಡಿಮೆಯಾಗಿದ್ದವು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉರಿ, ಸಿಪ್ಪೆ ಏಳುವುದು ಮಾತ್ರ ರೆಟಿನಾಲ್ ಗುಂಪಿನಲ್ಲಿ ಹೆಚ್ಚು.

ಭರವಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಇಷ್ಟು ಚಿಕ್ಕ ಗುಂಪಿನಲ್ಲಿ ವ್ಯತ್ಯಾಸ ಕಾಣದಿದ್ದ ಮಾತ್ರಕ್ಕೆ ಎರಡೂ ಸರಿಸಮ ಎಂದು ಸಾಬೀತಾಗುವುದಿಲ್ಲ. ಬಾಕುಚಿಯೋಲ್ ದಿನಕ್ಕೆ ಎರಡು ಸಲ, ರೆಟಿನಾಲ್ ಒಂದೇ ಸಲ ಹಚ್ಚಿದ್ದರು. ಔಷಧಿಯಿಲ್ಲದ ಬರೀ ಕ್ರೀಮ್ ಹಚ್ಚಿದ ಮೂರನೇ ಗುಂಪು ಇರಲಿಲ್ಲ. ಹಾಗಾಗಿ ಕ್ರೀಮಿನ ತೇವಾಂಶದಿಂದಲೇ ಎಷ್ಟು ಗುಣ ಸಿಕ್ಕಿತೆಂದು ಹೇಳಲಾಗದು. ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್‌ಗೆ ದಶಕಗಳ ಪ್ರಯೋಗಗಳ ಬೆಂಬಲವಿದೆ. ಬಾಕುಚಿಯೋಲ್ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಕೊಳ್ಳುವಾಗ ಒಂದು ಎಚ್ಚರ ಬಹಳ ಮುಖ್ಯ. ಬಾವಂಚಿ ಎಣ್ಣೆ ಬೇರೆ, ಶುದ್ಧೀಕರಿಸಿದ ಬಾಕುಚಿಯೋಲ್ ಬೇರೆ. ಬೀಜದಲ್ಲಿ ಸೊರಾಲೆನ್ ಎಂಬ ಅಂಶವೂ ಇದೆ; ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ತೊನ್ನಿನ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುವುದೂ ಇದೇ ಗುಣ. ಕಲೆ ಹೋಗಲೆಂದು ಅಗ್ಗದ ಎಣ್ಣೆ ಹಚ್ಚಿದವರಿಗೆ ಕಲೆ ಹೆಚ್ಚಾಗುವ ಅಪಾಯವಿದೆ. ಲೇಬಲ್‌ನಲ್ಲಿ ‘ಸೊರಾಲಿಯಾ ಕೊರಿಲಿಫೋಲಿಯಾ ಸೀಡ್ ಆಯಿಲ್’ ಎಂದಿದ್ದರೆ ಅದು ಎಣ್ಣೆ; ‘ಬಾಕುಚಿಯೋಲ್’ ಎಂದೇ ಬರೆದು ಪ್ರಮಾಣ ನಮೂದಿಸಿರುವುದನ್ನು ಆರಿಸಬೇಕು.

ಶುದ್ಧ ಬಾಕುಚಿಯೋಲ್‌ನಿಂದಲೂ ಅಲರ್ಜಿಯಾದ ಪ್ರಕರಣಗಳು ವರದಿಯಾಗಿವೆ. ಮೊದಲು ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ತುರಿಕೆ, ದದ್ದು ಬಂದರೆ ಬಿಡಬೇಕು. ಗರ್ಭಿಣಿಯರು ರೆಟಿನಾಲ್ ಬಳಸಬಾರದೆಂಬ ಸಲಹೆಯಿದೆ. ಅದರ ಬದಲಿಗೆ ಇದು ಸುರಕ್ಷಿತ ಎಂಬ ಪ್ರಚಾರಕ್ಕೆ ಗರ್ಭಿಣಿಯರ ಮೇಲಿನ ಅಧ್ಯಯನದ ಬಲವಿಲ್ಲ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಬದಲಾವಣೆ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಸಣ್ಣ ಗೆರೆಗಳು ಸ್ವಲ್ಪ ಮೆತ್ತಗಾಗಬಹುದು, ಕಲೆ ತಿಳಿಯಾಗಬಹುದು. ಆಳದ ಸುಕ್ಕು, ಜೋತ ಚರ್ಮ ಹಾಗೇ ಇರುತ್ತವೆ. ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನ ಬೆಳಕಲ್ಲಿ ತಿಂಗಳಿಗೊಮ್ಮೆ ಫೋಟೊ ತೆಗೆದಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಈ ಅವಧಿಯಲ್ಲಿ ಸನ್‌ಸ್ಕ್ರೀನ್ ತಪ್ಪಿಸಿದರೆ, ಕ್ರೀಮಿನಿಂದ ತಿಳಿಯಾದ ಕಲೆಯನ್ನು ಬಿಸಿಲು ಮತ್ತೆ ಗಾಢಗೊಳಿಸುತ್ತದೆ.