ಫ್ಲೆಕ್ಸಿನ ತಲೆಗೆ ಕೂದಲು ಬರುವುದು ಹೇಗೆ?

ದೇವದುರ್ಗದಲ್ಲಿ ಹುಟ್ಟುಹಬ್ಬ, ಜಾತ್ರೆ, ಚುನಾವಣೆ ಯಾವುದೇ ಬರಲಿ, ರಸ್ತೆ ಬದಿಗೆ ಮುಖಗಳು ಏಳುತ್ತವೆ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ ಎನ್ನುವುದು ಬೇರೆ ಮಾತು. ಈ ಮುಖಗಳನ್ನು ನೋಡುತ್ತಾ ಹೋದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಊರಲ್ಲಿ ಓಡಾಡುವಾಗ ಬೊಕ್ಕತಲೆಯವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಫ್ಲೆಕ್ಸಿನಲ್ಲಿ ಮಾತ್ರ ಬಹಳ ಕಡಿಮೆ. ಆ ಕೂದಲು ಎಲ್ಲಿಂದ ಬರುತ್ತದೆ? ಫೋಟೋಶಾಪ್‌ನಿಂದ ಅಂತ ಎಲ್ಲರಿಗೂ ಗೊತ್ತು. ಆದರೆ ಹೇಗೆ ಬರುತ್ತದೆ ಎನ್ನುವುದು ಗೊತ್ತಿದ್ದರೆ, ಯಾವ ತಲೆ ನಿಜ, ಯಾವ ತಲೆ ಬರೆದದ್ದು ಎಂದು ನೀವೇ ಹೇಳಬಹುದು. ಅದಕ್ಕಾಗಿಯೇ ಈ ಲೇಖನ.

ಇಲ್ಲಿನ ಒಬ್ಬ ಸ್ಟುಡಿಯೊದವರ ಪಕ್ಕ ಕೂತು ಈ ಕೆಲಸವನ್ನು ಮೊದಲಿನಿಂದ ಕೊನೆತನಕ ನೋಡಿದೆ. ಫೋಟೋದಲ್ಲಿದ್ದವರು ಐವತ್ತು ದಾಟಿದ ಒಬ್ಬ ಸ್ಥಳೀಯ ಮುಖಂಡರು. ಅವರ ಹೆಸರು ಇಲ್ಲಿ ಮುಖ್ಯವಲ್ಲ. ಎರಡೂ ಕಿವಿಗಳ ಮೇಲೆ ನರೆತ ಕೂದಲಿದೆ, ನಡುವೆ ಪೂರ್ತಿ ಬಯಲು. ಫೋಟೋ ವಾಟ್ಸಾಪ್‌ನಲ್ಲಿ ಬಂದದ್ದು, ಉದ್ದ 1600 ಪಿಕ್ಸೆಲ್. ಕಳಿಸಿದ ಬೆಂಬಲಿಗ ಹುಡುಗರ ಬೇಡಿಕೆ ಒಂದೇ: "ಅಣ್ಣಾರ್ನ ಹತ್ತು ವರ್ಷದ ಹಿಂದಿನಂಗ ಮಾಡ್ರಿ."

ನಾನು ಅಂದುಕೊಂಡದ್ದು, ಇನ್ಯಾರದೋ ತಲೆಯಿಂದ ಕೂದಲು ಕತ್ತರಿಸಿ ಇಲ್ಲಿ ಅಂಟಿಸುತ್ತಾರೆ ಅಂತ. ಕಳಪೆ ಫ್ಲೆಕ್ಸ್‌ಗಳಲ್ಲಿ ಹಾಗೇ ಮಾಡಿರುತ್ತಾರೆ, ಅದು ಟೋಪಿ ಹಾಕಿದಂತೆ ಕಾಣುತ್ತದೆ. ಸ್ಟುಡಿಯೊದವರು ಮಾತ್ರ ಕೂದಲಿನ ಸುದ್ದಿಗೇ ಹೋಗದೆ ಮೊದಲು ನೆತ್ತಿ ಕಡೆ ನೋಡಿದರು. "ಮೊದ್ಲು ಹೊಳಪು ಸಾಯಿಸ್ಬೇಕು ಸರ್. ಆಮ್ಯಾಲೆ ಕೂದ್ಲು."

ಬೊಕ್ಕತಲೆಯ ನೆತ್ತಿ ಕನ್ನಡಿ ಇದ್ದಂತೆ, ಅದರ ಮೇಲೆ ಬಿದ್ದ ಬೆಳಕು ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೆ ಕೂದಲು ಬರೆದರೆ, ಎಳೆಗಳ ಸಂದಿನಿಂದ ಆ ಬಿಳುಪು ಇಣುಕುತ್ತಲೇ ಇರುತ್ತದೆ. ಹಾಗಾಗಿ ಪಕ್ಕದ ಚರ್ಮದ ತುಣುಕು ತಂದು ಆ ಮಚ್ಚೆಯನ್ನು ಮೊದಲು ಮುಚ್ಚಿದರು. ಆಮೇಲೆ ಹೊಸ ಲೇಯರ್ ತೆರೆದು, ಅದನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿ, ಕಿವಿ ಮೇಲಿನ ಕೂದಲ ಬುಡದಲ್ಲಿದ್ದ ಕಂದು ನೆರಳಿನ ಬಣ್ಣ ತೆಗೆದುಕೊಂಡು, ದೊಡ್ಡ ಮೆತ್ತನೆಯ ಬ್ರಷ್‌ನಿಂದ ತೆಳ್ಳಗೆ ಸವರಿದರು. ಒಮ್ಮೆಗೆ ಹತ್ತು-ಹದಿನೈದು ಶೇಕಡಾದಷ್ಟು ಮಾತ್ರ.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಮಲ್ಟಿಪ್ಲೈ ಅಂದರೆ ನಿಜವಾಗಿಯೂ ಗುಣಾಕಾರ. ಕಪ್ಪನ್ನು 0, ಬಿಳಿಯನ್ನು 1 ಅಂತ ಇಟ್ಟುಕೊಳ್ಳಿ. 0.8 ಇರುವ ಚರ್ಮದ ಮೇಲೆ 0.9ರ ನೆರಳು ಸವರಿದರೆ 0.72, ಇನ್ನೊಮ್ಮೆ ಸವರಿದರೆ 0.65ರ ಹತ್ತಿರ. ಚರ್ಮದ ಏರುಪೇರು ಹಾಗೇ ಉಳಿಯುತ್ತದೆ, ಕತ್ತಲೆಯಷ್ಟೇ ನಿಧಾನಕ್ಕೆ ಇಳಿಯುತ್ತದೆ. ಆದರೆ ಹೊಳಪಿನ ಮಚ್ಚೆ ಪೂರ್ತಿ 1. ಅದನ್ನು ಯಾವುದರಿಂದ ಗುಣಿಸಿದರೂ ಅದೇ ಸಂಖ್ಯೆ ಉಳಿಯುತ್ತದೆ, ಅಂದರೆ ಸಿಮೆಂಟ್ ಮೆತ್ತಿದಂಥ ಸಪಾಟು ತೇಪೆ. ಹೊಳಪನ್ನು ಮೊದಲೇ ಸಾಯಿಸಬೇಕು ಅನ್ನುವುದರ ಹಿಂದಿರುವ ಲೆಕ್ಕ ಇದು.

ನಾಲ್ಕೈದು ಸಲ ಸವರಿದ ಮೇಲೆ ನೆತ್ತಿ ಕ್ಷೌರ ಮಾಡಿಸಿ ನಾಲ್ಕು ದಿನ ಆದಂತೆ ಕಾಣತೊಡಗಿತು. ಒಂದೇ ಒಂದು ಕೂದಲೆಳೆ ಬರೆದಿರಲಿಲ್ಲ. ದಟ್ಟ ಕೂದಲು ಅಂತ ನಾವು ಅಂದುಕೊಳ್ಳುವುದರ ಬಹುಪಾಲು ಈ ನೆರಳೇ. ಇದಕ್ಕೂ ಲೆಕ್ಕ ಇದೆ. ಈ ಫೋಟೋದಲ್ಲಿ ಮುಖದ ಉದ್ದ ಸುಮಾರು 640 ಪಿಕ್ಸೆಲ್. ನಿಜ ಮುಖ ಹದಿನೆಂಟೂವರೆ ಸೆಂಟಿಮೀಟರ್ ಅಂತ ಹಿಡಿದರೆ ಒಂದು ಸೆಂಟಿಮೀಟರಿಗೆ 35 ಪಿಕ್ಸೆಲ್. ತಲೆಗೂದಲಿನ ದಪ್ಪ 0.07 ಮಿಲಿಮೀಟರ್‌ನ ಆಸುಪಾಸು, ಅಂದರೆ ಒಂದು ಎಳೆ ಈ ಫೋಟೋದಲ್ಲಿ ಕಾಲು ಪಿಕ್ಸೆಲ್ ಕೂಡ ಇಲ್ಲ. ಒಂದೊಂದೇ ಕೂದಲು ಬರೆಯುತ್ತೇನೆ ಅಂತ ಹೊರಟವರು ಬರೆಯುತ್ತಿರುವುದು ನಾಲ್ಕು ಕೂದಲಷ್ಟು ದಪ್ಪದ ತಂತಿ. ಕಣ್ಣಿಗೆ ಕಾಣುವುದು ಎಳೆಗಳ ಗೊಂಚಲು, ಗೊಂಚಲುಗಳ ನಡುವಿನ ಕತ್ತಲೆ, ಅಷ್ಟೇ.

ಇನ್ನು ಮುಂಗೂದಲಿನ ಗೆರೆ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಗಲ್ಲದಿಂದ ಮೂಗಿನ ಬುಡ, ಮೂಗಿನ ಬುಡದಿಂದ ಹುಬ್ಬು, ಹುಬ್ಬಿನಿಂದ ಕೂದಲ ಗೆರೆ, ಈ ಮೂರೂ ಹೆಚ್ಚುಕಡಿಮೆ ಸಮ ಎನ್ನುವುದು ಚಿತ್ರಕಾರರ ಹಳೇ ಅಳತೆ. ಇವರ ಮುಖದಲ್ಲಿ ಮೂಗಿನಿಂದ ಹುಬ್ಬಿಗೆ 210 ಪಿಕ್ಸೆಲ್. ಹಾಗಾದರೆ ಹುಬ್ಬಿನಿಂದ 210 ಪಿಕ್ಸೆಲ್ ಮೇಲೆ ಗೆರೆ ಎಳೆಯಬೇಕೇ? ಅದು ಇಪ್ಪತ್ತರ ಹುಡುಗನ ಗೆರೆ. ಐವತ್ತು ದಾಟಿದವರಿಗೆ ಅದನ್ನು ಕೂರಿಸಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಸ್ಟುಡಿಯೊದವರು 240ಕ್ಕೆ ಏರಿಸಿದರು. ಅವರ ಹತ್ತಿರ ಇನ್ನೊಂದು ಗುರುತಿತ್ತು. ಹುಬ್ಬೇರಿಸಿದರೆ ಹಣೆಯಲ್ಲಿ ನೆರಿಗೆ ಬೀಳುತ್ತದಲ್ಲ, ಆ ಸ್ನಾಯುವಿನ ಮೇಲಿನ ತುದಿಯ ಹತ್ತಿರವೇ ಮೂಲ ಕೂದಲ ಗೆರೆ ಇದ್ದದ್ದು. ಫೋಟೋದಲ್ಲಿ ಅತಿ ಮೇಲಿನ ನೆರಿಗೆ ಹುಡುಕಿ, ಅದಕ್ಕಿಂತ ಸ್ವಲ್ಪ ಮೇಲೆ ಗೆರೆ ಇಟ್ಟರೆ ಆ ಮನುಷ್ಯನ ಸ್ವಂತ ಹಣೆ ಸಿಗುತ್ತದೆ. ನೆರಿಗೆಯ ಮೇಲೇ ಕೂದಲು ಬಂದು ಕೂತಿದ್ದರೆ, ಅದು ಬರೆದ ಕೂದಲು.

ಗೆರೆ ಅನ್ನುತ್ತೇವೆ, ಆದರೆ ಅಲ್ಲಿ ಗೆರೆ ಇರುವುದೇ ಇಲ್ಲ. ಮುಂಭಾಗದಲ್ಲಿ ಕೂದಲು ಒಂಟೊಂಟಿಯಾಗಿ, ತೆಳ್ಳಗೆ, ಹಿಂದುಮುಂದಾಗಿ ಹುಟ್ಟುತ್ತದೆ. ಒಂದು ಸೆಂಟಿಮೀಟರ್ ಹಿಂದೆ ಹೋದರೆ ಒಂದೇ ಬುಡದಿಂದ ಎರಡು ಮೂರು ಎಳೆ ಏಳುತ್ತವೆ. ಕೂದಲು ಕಸಿ ಮಾಡುವ ವೈದ್ಯರೂ ಇದೇ ಕ್ರಮ ಪಾಲಿಸುತ್ತಾರೆ: ಮುಂದೆ ಒಂಟಿ ಎಳೆಯ ಬುಡಗಳು, ಹಿಂದೆ ಜೋಡಿ ಎಳೆಯವು. ಕಡತಗೋಲು ಇಟ್ಟು ಎಳೆದಂಥ ಅಂಚು ನಿಜವಾದ ತಲೆಯಲ್ಲಿ ಸಿಗುವುದು ಕ್ಷೌರದಂಗಡಿಯಿಂದ ಆಗಷ್ಟೇ ಹೊರಬಂದವರಲ್ಲಿ ಮಾತ್ರ. ಕಪಾಳದ ಎರಡೂ ಬದಿಗೆ ಗೆರೆ ಸ್ವಲ್ಪ ಹಿಂದೆ ಸರಿದಿರಬೇಕು. ಈ ವಯಸ್ಸಿಗೆ ಅದನ್ನು ತುಂಬಿಸಿದರೆ ಬಯಲಾಟದ ಪಾತ್ರಧಾರಿಯ ಕಳೆ ಬಂದುಬಿಡುತ್ತದೆ.

ಆಮೇಲೆ ದಟ್ಟಣೆ. ಇದಕ್ಕೆ ಬೇಕಾದ ಸರಕು ಅವರ ಕಿವಿ ಮೇಲೇ ಇತ್ತು. ಅಲ್ಲಿನ ತುಣುಕುಗಳನ್ನು ತೆಗೆದು, ತಿರುಗಿಸಿ, ನೆತ್ತಿಯ ಸುಳಿಯಿಂದ ಮುಂದಕ್ಕೆ ಹರಿಯುವಂತೆ ಜೋಡಿಸಿದರು. (ಎರಡು ಸುಳಿ ಇದ್ದರೆ ಎರಡು ಮದುವೆ ಅಂತಾರಲ್ಲ, ಸ್ಟುಡಿಯೊದವರು ನಗುತ್ತಾ ಒಂದೇ ಸುಳಿ ಇಟ್ಟರು.) ಬಲಗಡೆಯ ತುಣುಕನ್ನು ಮಗುಚಿ ಎಡಕ್ಕೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದರ ಜೊತೆ ಬೆಳಕೂ ಮಗುಚಿಕೊಳ್ಳುತ್ತದೆ. ಮುಖಕ್ಕೆ ಬಲದಿಂದ ಬೆಳಕು, ಕೂದಲಿಗೆ ಎಡದಿಂದ. ಒಂದೇ ತುಣುಕನ್ನು ಮೂರು ಕಡೆ ಒತ್ತಿದರೆ ಒಂದೇ ಕೊಂಕು ಮೂರು ಕಡೆ ಕಾಣುತ್ತದೆ. ಹಾಗಾಗಿ ತುಣುಕು ಚಿಕ್ಕದು, ಪ್ರತಿಯೊಂದರ ಬೆಳಕನ್ನೂ ತಿದ್ದಿ, ಸಂದುಗಳ ಮೇಲೆ ಒಂದು-ಎರಡು ಪಿಕ್ಸೆಲ್ ಬ್ರಷ್‌ನಿಂದ ಕೈಯಾರೆ ಗೀರು. ಬಣ್ಣ ಕಡುಗಪ್ಪಲ್ಲ. ಕಿವಿ ಮೇಲೆ ನರೆ ಇಟ್ಟುಕೊಂಡು ನೆತ್ತಿಯಲ್ಲಿ ಕಾಗೆ ಬಣ್ಣ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತದೆ. ಜೊತೆಗೆ ಕೂದಲಿಗೆ ಎತ್ತರವೂ ಇರಬೇಕು. ಬುರುಡೆಯ ಅಂಚಿನಿಂದ ಹೊರಕ್ಕೆ ಒಂದೂವರೆ ಸೆಂಟಿಮೀಟರ್, ಅಂದರೆ ಐವತ್ತು ಪಿಕ್ಸೆಲ್ ಏರದಿದ್ದರೆ ತಲೆಗೆ ಬಣ್ಣ ಬಳಿದಂತಾಗುತ್ತದೆ.

ಕೊನೆಗೆ ಮತ್ತೆ ನೆರಳು. ಹೊಸ ಕೂದಲು ಹಣೆಯ ಮೇಲೆ ತನ್ನ ನೆರಳು ಚೆಲ್ಲಬೇಕು, ಮುಂಗೂದಲಿನ ಕೆಳಗೆ ತೆಳ್ಳನೆಯ ಕಂದು. ಅದಿಲ್ಲದ ಕೂದಲು ಹಣೆಯಿಂದ ಅರ್ಧ ಇಂಚು ಮೇಲೆ ತೇಲುತ್ತದೆ. ನಂತರ ಕೂದಲಿನ ಲೇಯರ್‌ಗೆ ಸ್ವಲ್ಪ ಮಸುಕು, ಸ್ವಲ್ಪ ನಾಯ್ಸ್. ವಾಟ್ಸಾಪ್ ಹಿಂಡಿದ ಮುಖ ಮಂಜಾಗಿದ್ದು ಕೂದಲು ಮಾತ್ರ ಸೂಜಿಯಂತೆ ಚುರುಕಾಗಿದ್ದರೆ ಗುಟ್ಟು ರಟ್ಟು. ಎಲ್ಲಾ ಸೇರಿ ಎರಡು ತಾಸು ಹಿಡಿಯಿತು.

ಇದೇ ಮುಖವನ್ನು ಫ್ಲೆಕ್ಸಿನಲ್ಲಿ ಮೂರು ಅಡಿಗೆ ಹಿಗ್ಗಿಸಿದರೆ ಒಂದು ಪಿಕ್ಸೆಲ್ ಸುಮಾರು ಒಂದೂವರೆ ಮಿಲಿಮೀಟರ್ ಆಗುತ್ತದೆ. ಐದು ಪಿಕ್ಸೆಲ್ ದಪ್ಪ ಎಳೆದವರ ಕೂದಲು ಹಗ್ಗದಂತೆ ನೇತಾಡುತ್ತದೆ. ಆದರೂ ಗೊತ್ತು ಮಾಡಲು ನನಗೆ ಇಷ್ಟವಾದ ಗುರುತು ಬೇರೆಯೇ: ಹಿಂದಿನ ಗೋಡೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ತಲೆಯ ನೆರಳು ಗೋಡೆ ಮೇಲೆ ಬಿದ್ದಿರುತ್ತದೆ. ಮುಂದೆ ಸೊಂಪಾದ ಕ್ರಾಪು, ಹಿಂದಿನ ನೆರಳು ಮಾತ್ರ ನುಣ್ಣಗೆ. ನೆರಳಿಗೆ ಕೂದಲು ಹಚ್ಚುವುದನ್ನು ಬಹಳ ಜನ ಮರೆಯುತ್ತಾರೆ. ಅದಕ್ಕೇ ಫ್ಲೆಕ್ಸ್ ಮಾಡುವವರು ಹಿನ್ನೆಲೆಯನ್ನೇ ಕಿತ್ತು ಹಾಕಿ ಪಕ್ಷದ ಬಣ್ಣ ತುಂಬುತ್ತಾರೆ.

ಫ್ಲೆಕ್ಸಿನಲ್ಲಿ ಯಾರ ತಲೆಗೆ ಎಷ್ಟು ಕೂದಲು ಹಚ್ಚಿದರೇನು ಅಂತ ಕೇಳಬಹುದು. ನನಗೂ ಅದರಲ್ಲಿ ದೊಡ್ಡ ಪಾಪ ಕಾಣುವುದಿಲ್ಲ. ಸಮಸ್ಯೆ ಇರುವುದು ಇನ್ನೊಂದು ಫೋಟೋದಲ್ಲಿ. ಒಂದೇ ಹೆಸರಿನ ಇಬ್ಬರನ್ನು ಕಣಕ್ಕಿಳಿಸಿ ಮತದಾರರನ್ನು ಗೊಂದಲಕ್ಕೆ ಕೆಡವುವ ಆಟ ನಿಮಗೆ ಗೊತ್ತೇ ಇದೆ. ಅದನ್ನು ತಡೆಯಲು ಚುನಾವಣಾ ಆಯೋಗ 2015ರ ಮೇ 1ರಿಂದ ಮತಯಂತ್ರದ ಮೇಲಿನ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆಯ ನಡುವೆ ಫೋಟೋ ಮುದ್ರಿಸುತ್ತಿದೆ. ಎರಡು ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ಎತ್ತರ, ಬಿಳಿ ಹಿನ್ನೆಲೆ, ಮುಖ ನೇರ, ಟೋಪಿ ಇರಬಾರದು, ಅಧಿಸೂಚನೆಗೆ ಹಿಂದಿನ ಮೂರು ತಿಂಗಳೊಳಗೆ ತೆಗೆದದ್ದಾಗಿರಬೇಕು. 2025ರಲ್ಲಿ ಬಂದ ಹೊಸ ಸೂಚನೆಯ ಪ್ರಕಾರ ಇದು ಬಣ್ಣದ ಫೋಟೋ, ಜಾಗದ ಮುಕ್ಕಾಲು ಭಾಗ ಮುಖವೇ ಇರಬೇಕು.

ಹೆಸರು ಓದಲು ಬಾರದ ಒಬ್ಬ ಅಜ್ಜಿಯನ್ನು ಯೋಚಿಸಿ. ತಿಂಗಳುಗಟ್ಟಲೆ ಆಕೆ ಫ್ಲೆಕ್ಸಿನಲ್ಲಿ ನೋಡಿದ್ದು ತುಂಬುಗೂದಲಿನ ಮುಖ. ಮತಯಂತ್ರದ ಮುಂದೆ ನಿಂತಾಗ ಅಂಚೆಚೀಟಿ ಅಳತೆಯಲ್ಲಿ ಸಿಗುವುದು ಬೊಕ್ಕತಲೆ. ಅಷ್ಟು ಚಿಕ್ಕ ಫೋಟೋದಲ್ಲಿ ಮೂಗು, ತುಟಿ ಯಾವುದೂ ಸರಿಯಾಗಿ ಕಾಣುವುದಿಲ್ಲ, ಎದ್ದು ಕಾಣುವುದು ತಲೆಯ ಆಕಾರವೇ. ಇನ್ನು ಅದೇ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ನಿಜವಾದ ಕ್ರಾಪು ಇದ್ದರೆ? ಚಿಹ್ನೆ ಗುರುತಿದ್ದರೆ ಬಚಾವ್. ಪಕ್ಷೇತರರಿಗೆ ಚಿಹ್ನೆ ಸಿಗುವುದೇ ಕೊನೆಯ ದಿನಗಳಲ್ಲಿ.

ಸ್ಟುಡಿಯೊದವರಿಗೆ ಇದನ್ನು ಹೇಳಿದೆ. ಅವರು ಆಗಲೇ ಒಂದು ನಿಯಮ ಮಾಡಿಕೊಂಡಿದ್ದರು: "ಫ್ಲೆಕ್ಸಿಗೆ ಎಷ್ಟ್ ಬೇಕು ಅಷ್ಟ್ ಹಚ್ಚಿಕೊಡ್ತೀನ್ರಿ. ನಾಮಪತ್ರದ ಫೋಟೋಕ್ಕ ಮಾತ್ರ ಒಂದ್ ಎಳಿನೂ ಹಚ್ಚಂಗಿಲ್ಲ. ಅದನ್ನ ಇಲ್ಲೇ ಕುಂದರ್ಸಿ ಹೊಸ್ದಾಗಿ ತೆಗಿತೀನಿ." ಹಾಗೆ ಹೇಳಿ, ಮುಗಿದ ಫೈಲನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದರು. ಎಡ ಕಪಾಳದ ಹತ್ತಿರ ಕೂದಲು ಸ್ವಲ್ಪ ಜಾಸ್ತಿ ಕಂಡಿತು. ಆ ಲೇಯರ್‌ನ ಒಪಾಸಿಟಿ ಎಂಬತ್ತಕ್ಕೆ ಇಳಿಸಿ, ಪ್ರಿಂಟಿಗೆ ಕಳಿಸಿದರು.