ಒಂದೇ ದಿನ 38: ಆ ಅಂಕಿಯ ಹಿಂದಿನ ದಿನಗಳು

ಮುಂಗಾರು ಹಿಡಿದ ಒಂದು ಸೋಮವಾರ ಸಂಜೆ ಜಿಲ್ಲಾ ಆರೋಗ್ಯ ಇಲಾಖೆಯ ದಿನದ ವರದಿ ವಾಟ್ಸ್‌ಆ್ಯಪ್‌ನಲ್ಲಿ ಬಂತು. ‘ಇಂದಿನ ಡೆಂಗಿ ಪ್ರಕರಣ’ ಎಂಬ ಅಂಕಣದಲ್ಲಿ 38 ಎಂದಿತ್ತು. ಹಿಂದಿನ ಎಂಟು ದಿನ ಅದೇ ಅಂಕಣದಲ್ಲಿದ್ದದ್ದು ಸೊನ್ನೆ. ‘ಒಂದೇ ದಿನ 38 ಮಂದಿಗೆ ಡೆಂಗಿ’ ಎಂದು ನಾನೇ ತಲೆಬರಹ ಕೊಟ್ಟೆ. ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಸುವ ಸಾಲು ಗೇಟು ದಾಟಿತ್ತು. ಜ್ವರವೇ ಇಲ್ಲದವರೂ ಮಕ್ಕಳನ್ನು ಎತ್ತಿಕೊಂಡು ಬಂದು ‘ಪ್ಲೇಟ್‌ಲೆಟ್ ನೋಡಿ’ ಎನ್ನುತ್ತಿದ್ದರು.

ಮಧ್ಯಾಹ್ನ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿನ ತಂತ್ರಜ್ಞೆ ಬೇಸರದಿಂದಲೇ ಹೇಳಿದರು: ‘ಸರ್, ಅದು ನಿನ್ನೆ ಜ್ವರ ಬಂದವರ ಲೆಕ್ಕ ಅಲ್ಲ. ನಿನ್ನೆ ಓಡಿಸಿದ ಪ್ಲೇಟಿನ ಲೆಕ್ಕ.’

ಅವರು ಬಿಡಿಸಿ ಹೇಳಿದ್ದು ಇಷ್ಟು. ಡೆಂಗಿಯನ್ನು ಇಲಾಖೆ ಖಚಿತ ಪ್ರಕರಣವೆಂದು ಒಪ್ಪುವುದು ಎಲೈಸಾ ಪರೀಕ್ಷೆಯಿಂದ. ಜ್ವರ ಶುರುವಾದ ಮೊದಲ ಐದು ದಿನಗಳಲ್ಲಾದರೆ ರಕ್ತದಲ್ಲಿ ಎನ್‌ಎಸ್1 ಎಂಬ ವೈರಾಣುವಿನ ಅಂಶವನ್ನು ಹುಡುಕುತ್ತಾರೆ. ಆಮೇಲಾದರೆ ದೇಹ ತಯಾರಿಸಿದ ಐಜಿಎಂ ಪ್ರತಿಕಾಯವನ್ನು. ಈ ಪರೀಕ್ಷೆ ನಡೆಯುವ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ನಾಲ್ಕು ಮಾದರಿಗಾಗಿ ಇಡೀ ಕಿಟ್ ಬಿಚ್ಚಿದರೆ ನಷ್ಟ, ಆದ್ದರಿಂದ ಮಾದರಿಗಳು ಕೂಡಿದ ಮೇಲೆ ಓಡಿಸುತ್ತಾರೆ. ಆ ಸಲ ಕಿಟ್ ಬರುವುದೂ ತಡವಾಗಿ ಒಂಬತ್ತು ದಿನಗಳ 170 ಮಾದರಿಗಳು ಫ್ರಿಜ್‌ನಲ್ಲಿ ಉಳಿದಿದ್ದವು. ಸೋಮವಾರ ಎರಡು ತಟ್ಟೆ ಓಡಿದವು, 38 ಪಾಸಿಟಿವ್ ಬಂದವು.

ಅದಕ್ಕೆ ಹಿಂದಿನ ಸರದಿಯಲ್ಲಿ ನಾಲ್ಕು ದಿನಗಳ 80 ಮಾದರಿಗಳಲ್ಲಿ 18 ಪಾಸಿಟಿವ್ ಬಂದಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿನಕ್ಕೆ ಸುಮಾರು ಇಪ್ಪತ್ತು ಮಾದರಿ ಆಗಲೂ ಬರುತ್ತಿತ್ತು, ಈಗಲೂ ಬಂದಿದೆ. ನೂರು ಪರೀಕ್ಷೆಗೆ ಇಪ್ಪತ್ತೆರಡರಷ್ಟು ಪಾಸಿಟಿವ್ ಆಗಲೂ ಇತ್ತು, ಈಗಲೂ ಇದೆ. ಅರ್ಜಿ ನಮೂನೆಯಲ್ಲಿ ಬರೆದಿದ್ದ ‘ಜ್ವರ ಆರಂಭವಾದ ದಿನ’ಕ್ಕೆ ತಕ್ಕಂತೆ ಆ 38 ಜನರನ್ನು ಹಂಚಿದಾಗ ಅವರು ಎರಡು ವಾರಗಳಲ್ಲಿ ಚದುರಿಹೋದರು. ಯಾವ ಒಂದು ದಿನಕ್ಕೂ ಆರಕ್ಕಿಂತ ಹೆಚ್ಚು ಬೀಳಲಿಲ್ಲ. ಜಿಲ್ಲೆಯಲ್ಲಿ ರೋಗ ಇತ್ತು, ಆದರೆ ಒಂದೇ ರಾತ್ರಿಯಲ್ಲಿ ಸ್ಫೋಟಿಸಿರಲಿಲ್ಲ.

ಅಂದಿನಿಂದ ಇಲಾಖೆಯ ಅಂಕಿ ಕೈಗೆ ಬಂದಾಗ ನಾನು ಮೊದಲು ಕೇಳುವುದು ಇದು ಯಾವ ದಿನದ ಲೆಕ್ಕ ಎಂದು: ಜ್ವರ ಬಂದ ದಿನವೋ, ರಕ್ತ ತೆಗೆದ ದಿನವೋ, ಫಲಿತಾಂಶ ಬಂದ ದಿನವೋ. ಜ್ವರದ ದಿನಕ್ಕೆ ಹಂಚಿದ ಲೆಕ್ಕವೇ ರೋಗದ ನಿಜವಾದ ಏರಿಳಿತ ತೋರಿಸುತ್ತದೆ. ಅದರಲ್ಲೂ ಒಂದು ಮೋಸವಿದೆ. ಕೊನೆಯ ಐದಾರು ದಿನಗಳ ಕಂಬಗಳು ಯಾವಾಗಲೂ ಕುಳ್ಳಗೇ ಕಾಣುತ್ತವೆ, ಏಕೆಂದರೆ ಆ ದಿನಗಳಲ್ಲಿ ಜ್ವರ ಬಂದವರ ಫಲಿತಾಂಶ ಇನ್ನೂ ಬಂದಿರುವುದಿಲ್ಲ. ಅದನ್ನು ನೋಡಿ ‘ಡೆಂಗಿ ಇಳಿಮುಖ’ ಎಂದು ಬರೆಯುವುದೂ ‘ಸ್ಫೋಟ’ ಎಂದು ಬರೆಯುವಷ್ಟೇ ತಪ್ಪು.

ಇನ್ನೊಂದು ಗೊಂದಲ ಜನವರಿಯಿಂದ ಕೂಡಿಸಿದ ಮೊತ್ತದ್ದು. ಜುಲೈನಲ್ಲಿ ‘ಜಿಲ್ಲೆಯಲ್ಲಿ 640 ಡೆಂಗಿ’ ಎಂದು ಓದಿದವರು 640 ಹಾಸಿಗೆಗಳಲ್ಲಿ 640 ರೋಗಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಜನ ವಾಸಿಯಾಗಿ ತಿಂಗಳುಗಳೇ ಆಗಿರುತ್ತವೆ. ಈ ಮೊತ್ತ ಎಂದೂ ಇಳಿಯುವುದಿಲ್ಲ, ಹಾಗಾಗಿ ಅದನ್ನೇ ತಲೆಬರಹ ಮಾಡಿದರೆ ಡಿಸೆಂಬರ್‌ವರೆಗೆ ದಿನವೂ ‘ಏರಿಕೆ’ಯೇ. ಈ ವಾರದ ಹೊಸ ಪ್ರಕರಣ, ಕಳೆದ ವಾರದ್ದು, ಈಗ ಆಸ್ಪತ್ರೆಯಲ್ಲಿರುವವರು, ಇಷ್ಟು ಹೇಳಿದ ಮೇಲೆ ಆ ಮೊತ್ತಕ್ಕೆ ಕೊನೆಯ ಸಾಲು ಸಾಕು.

ಹಾಗೆಂದು ಇಲಾಖೆಯ ಅಂಕಿಯೇ ಪೂರ್ಣ ಸತ್ಯವೂ ಅಲ್ಲ. ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಬೆರಳಿನಷ್ಟುದ್ದದ ಕಾರ್ಡ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಇಲಾಖೆಯ ಲೆಕ್ಕದಲ್ಲಿ ‘ಸಂಭವನೀಯ’ ಪ್ರಕರಣ ಮಾತ್ರ. ಎಲೈಸಾ ಆಗದಿದ್ದರೆ ಅವರು ಖಚಿತ ಪಟ್ಟಿಗೆ ಏರುವುದಿಲ್ಲ. ಆದ್ದರಿಂದ ‘ವಾರ್ಡು ತುಂಬಿದೆ’ ಎಂದು ಖಾಸಗಿ ವೈದ್ಯರು, ‘ಬರೀ ಹನ್ನೆರಡು’ ಎಂದು ಇಲಾಖೆ ಹೇಳಿದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಎರಡು ಅಂಕಿಗಳನ್ನೂ ಅವುಗಳ ಹೆಸರಿನೊಂದಿಗೆ ಬರೆಯಬೇಕು. ಗಾಬರಿ ಆಗುತ್ತದೆಂದು ದೊಡ್ಡದನ್ನು ಬಚ್ಚಿಟ್ಟರೆ ಆ ಜಾಗವನ್ನು ಊಹಾಪೋಹ ತುಂಬುತ್ತದೆ. ಸಾವಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಜ್ವರದಿಂದ ತೀರಿಕೊಂಡವರ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿ ಕಾರಣ ನಿರ್ಧರಿಸಲು ಇಲಾಖೆಗೆ ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಪಟ್ಟಿಯಲ್ಲಿ ಸೊನ್ನೆಯೇ ಇರಬಹುದು. ‘ಶಂಕಿತ ಡೆಂಗಿಯಿಂದ ಸಾವು, ಪರಿಶೀಲನೆ ಬಾಕಿ’ ಎಂದು ಬರೆಯಬಹುದು. ಪರಿಶೀಲನೆ ಮುಗಿದ ದಿನ ಮರೆಯದೆ ಅದನ್ನೂ ಬರೆಯಬೇಕು. ನಮ್ಮಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಈ ಎರಡನೆಯ ಸುದ್ದಿ. ಸತ್ತವರ ಮನೆ, ಫೋಟೊ, ಹೆಸರು ಇವಾವುವೂ ಓದುಗರನ್ನು ಸೊಳ್ಳೆಯಿಂದ ಕಾಪಾಡುವುದಿಲ್ಲ.

ಪದಗಳೂ ಅಂಕಿಗಳಷ್ಟೇ ಹೆದರಿಸುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಾಗ ಅನೇಕರಿಗೆ ಮತ್ತೆ ಲಾಕ್‌ಡೌನ್ ನೆನಪಾಯಿತು. ಆ ಆದೇಶದ ತಿರುಳು ಬೇರೆ: ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕುವ ಅಧಿಕಾರ. ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಡೆಂಗಿ ಮನುಷ್ಯರಿಂದ ಮನುಷ್ಯರಿಗೆ ಕೆಮ್ಮಿನಂತೆ ಹರಡುವುದಿಲ್ಲ ಎಂಬ ಒಂದು ವಾಕ್ಯ ಸುದ್ದಿಯ ಮೊದಲ ಪ್ಯಾರಾದಲ್ಲಿ ಇದ್ದಿದ್ದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತಿತ್ತು. ಕಾಲರಾ ಬಂದಾಗ ಮಾತ್ರ ಈ ಅಳತೆ ಬದಲಾಗುತ್ತದೆ. ಅಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಒಂದೇ ಪ್ರಕರಣವೂ ಸುದ್ದಿ, ಯಾಕೆಂದರೆ ಅದೇ ನಲ್ಲಿಯ ನೀರು ಇಡೀ ಬೀದಿ ಕುಡಿಯುತ್ತಿರುತ್ತದೆ. ಯಾವ ಪೈಪು, ಯಾವ ಬೋರ್‌ವೆಲ್ ಎಂದು ಅದೇ ದಿನ ಹೇಳಲೇಬೇಕು.

ಪ್ಲೇಟ್‌ಲೆಟ್ ಎಣಿಸಲು ಸಾಲು ನಿಂತವರಿಗೆ ನಾವು ಹೇಳಬೇಕಿದ್ದದ್ದು ಬೇರೆಯೇ ಇತ್ತು. ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಆಗ ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಕೂಡದು. ಈ ನಾಲ್ಕು ಸಾಲು ನನ್ನ ಸುದ್ದಿಯಲ್ಲಿ ಇರಲಿಲ್ಲ.

ಇಲ್ಲದಿದ್ದದ್ದು ಇನ್ನೂ ಒಂದಿತ್ತು. ಅದೇ ಮಧ್ಯಾಹ್ನ ತಂತ್ರಜ್ಞೆಯೊಂದಿಗೆ ಕೂತು 38 ಜನರ ವಿಳಾಸಗಳನ್ನು ವಾರ್ಡುವಾರು ಎಣಿಸಿದೆವು. ಹದಿನೇಳು ಮಂದಿ ಒಂದೇ ವಾರ್ಡಿನವರು. ಹಿಂದಿನ ಸರದಿಯ ಹದಿನೆಂಟರಲ್ಲಿ ಅಲ್ಲಿನವರು ಮೂವರಷ್ಟೇ ಇದ್ದರು. ಜಿಲ್ಲೆಯ ಒಟ್ಟು ಲೆಕ್ಕ ಕದಲದಿದ್ದರೂ ಆ ವಾರ್ಡಿನದು ನಿಜಕ್ಕೂ ಏರಿತ್ತು. ಅಲ್ಲಿಗೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತಿತ್ತು. ಜನ ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಮನೆಮನೆಗೆ ಹೋಗಿದ್ದ ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆಯ ಹಾಳೆಯಲ್ಲಿ ಅದೆಲ್ಲವೂ ಬರೆದಿತ್ತು. ಇಡೀ ಜಿಲ್ಲೆಯನ್ನು ಹೆದರಿಸಿದ ನನ್ನ ಸುದ್ದಿಯಲ್ಲಿ ಆ ವಾರ್ಡಿನ ಹೆಸರು ಇರಲೇ ಇಲ್ಲ.