ಬೆಲೆಯೊಳಗಿನ ಏರಿಳಿತ: ಅರ್ಧ ಅರ್ಧ ಮಾಡುತ್ತ ಐವಿ ಹುಡುಕುವ ಬಗೆ

ಮುಂಬೈನ ಸಾಂತಾಕ್ರೂಜ್ ಪೂರ್ವದ ಕಲಿನಾದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಬಾಂದ್ರಾ–ಕುರ್ಲಾ ಸಂಕೀರ್ಣ ಸಿಗುತ್ತದೆ. ಊರವರ ಬಾಯಲ್ಲಿ ಅದು ಬಿಕೆಸಿ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಮುಖ್ಯ ಕಚೇರಿ ಅಲ್ಲಿದೆ. 2001ರ ಜೂನ್‌ನಲ್ಲಿ ನಿಫ್ಟಿ ಆಪ್ಷನ್‌ಗಳ ವಹಿವಾಟು ಶುರುವಾದದ್ದು ಈ ಸಂಸ್ಥೆಯಲ್ಲೇ. ಅದರ ಜಾಲತಾಣದಲ್ಲಿ ‘ಆಪ್ಷನ್ ಚೈನ್’ ಎಂಬ ಪಟ್ಟಿ ತೆರೆದರೆ ಪ್ರತಿ ಸ್ಟ್ರೈಕ್ ಬೆಲೆಯ ಸಾಲಿನಲ್ಲೂ ‘ಐವಿ’ ಎಂಬ ಅಂಕಣವಿರುತ್ತದೆ. ಪ್ರೀಮಿಯಂ, ವಹಿವಾಟಿನ ಗಾತ್ರ, ಕೊಳ್ಳುವವರ ಬೆಲೆ, ಮಾರುವವರ ಬೆಲೆ ಎಲ್ಲವೂ ಪೇಟೆಯಲ್ಲಿ ನಡೆದದ್ದರ ದಾಖಲೆ. ಐವಿ ಹಾಗಲ್ಲ. ಅದನ್ನು ಯಾರೂ ಕೊಂಡಿಲ್ಲ, ಮಾರಿಲ್ಲ. ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ಸಂಖ್ಯೆ ಅದು. ಹೇಗೆ ತೆಗೆಯುತ್ತಾರೆ ಎಂಬುದು ಈ ಅಧ್ಯಾಯದ ವಿಷಯ.

ಕಾಲ್ ಆಪ್ಷನ್ ಎಂದರೆ ಗೊತ್ತಾದ ದಿನ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು. ಆ ಗೊತ್ತಾದ ಬೆಲೆಯೇ ಸ್ಟ್ರೈಕ್. ಹಕ್ಕಿಗೆ ಕೊಡುವ ಹಣ ಪ್ರೀಮಿಯಂ. 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಪ್ರಕಟಿಸಿದ ಸೂತ್ರ ಈ ಪ್ರೀಮಿಯಂ ಎಷ್ಟಿರಬೇಕೆಂದು ಹೇಳುತ್ತದೆ. ಸೂತ್ರಕ್ಕೆ ಬೇಕಾದವು ಐದು: ಈಗಿನ ಬೆಲೆ, ಸ್ಟ್ರೈಕ್, ಉಳಿದ ಕಾಲ, ಬಡ್ಡಿದರ, ಏರಿಳಿತ. ಮೊದಲ ನಾಲ್ಕನ್ನು ಪರದೆಯ ಮೇಲೋ ಕ್ಯಾಲೆಂಡರಿನಲ್ಲೋ ನೋಡಿ ತುಂಬಬಹುದು. ಐದನೆಯದನ್ನು, ಅಂದರೆ ಬೆಲೆ ಮುಂದೆ ಎಷ್ಟು ಜಿಗಿದಾಡಲಿದೆ ಎಂಬುದನ್ನು, ಯಾರೂ ನೋಡಿರುವುದಿಲ್ಲ. ಆದರೆ ಪ್ರೀಮಿಯಂ ನಮ್ಮ ಕಣ್ಣೆದುರಿಗಿದೆ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: ಸೂತ್ರ ಇದೇ ಪ್ರೀಮಿಯಂ ಕೊಡಬೇಕಾದರೆ ಏರಿಳಿತ ಎಷ್ಟಿರಬೇಕು? ಆ ಉತ್ತರವೇ ಐವಿ.

ತೊಡಕು ಇಲ್ಲೇ ಇದೆ. ಸೂತ್ರದೊಳಗೆ ಏರಿಳಿತ ಹಲವು ಕಡೆ ಹುದುಗಿದೆ, ಅದೂ ಗಂಟೆಯಾಕಾರದ ಸಂಭವನೀಯತಾ ರೇಖೆಯ ಒಳಗೆ. ಶಾಲೆಯ ಬೀಜಗಣಿತದಂತೆ ಅದನ್ನು ಒಂದು ಬದಿಗೆ ಎಳೆದು ತರಲು ಆಗದು. ಊಹಿಸಿ, ಹಾಕಿ ನೋಡಿ, ತಿದ್ದಿಕೊಳ್ಳಬೇಕು. ಊಹೆಯನ್ನು ಸುಲಭ ಮಾಡುವ ಗುಣವೊಂದು ಸೂತ್ರದಲ್ಲಿದೆ: ಉಳಿದ ನಾಲ್ಕನ್ನು ಅಲುಗಿಸದೆ ಏರಿಳಿತವನ್ನು ಮಾತ್ರ ಹೆಚ್ಚಿಸಿದರೆ ಪ್ರೀಮಿಯಂ ಹೆಚ್ಚುತ್ತಲೇ ಹೋಗುತ್ತದೆ, ಎಲ್ಲಿಯೂ ಇಳಿಯುವುದಿಲ್ಲ. ಅಂದಮೇಲೆ ಒಂದು ಬೆಲೆಗೆ ಎರಡು ಉತ್ತರ ಇರಲಾರವು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು. ನಿಫ್ಟಿ ಫ್ಯೂಚರ್ಸ್ 25,000ದಲ್ಲಿದೆ. ನಮ್ಮ ಕಾಲ್ ಆಪ್ಷನ್ನಿನ ಸ್ಟ್ರೈಕ್ 25,500. ಅವಧಿ ಮುಗಿಯಲು 30 ದಿನವಿದೆ, ಬಡ್ಡಿ 6%. ಪೇಟೆಯಲ್ಲಿ ಪ್ರೀಮಿಯಂ 190 ರೂಪಾಯಿ. ಸೂಚ್ಯಂಕದ ಈಗಿನ ಮಟ್ಟ ಬಿಟ್ಟು ಫ್ಯೂಚರ್ಸ್ ಬೆಲೆ ಹಿಡಿದದ್ದೇಕೆಂದರೆ, ಮುಂದಿನ ಮೂವತ್ತು ದಿನದ ಬಡ್ಡಿಯನ್ನೂ ಲಾಭಾಂಶವನ್ನೂ ಪೇಟೆ ಆಗಲೇ ಅದರೊಳಗೆ ಸೇರಿಸಿರುತ್ತದೆ. ಇದಕ್ಕೆ ಹೊಂದುವಂತೆ 1976ರಲ್ಲಿ ಬ್ಲ್ಯಾಕ್ ಬರೆದ ರೂಪವನ್ನೇ ಬಳಸುತ್ತೇನೆ.

ಮೊದಲು ಎರಡು ಗಡಿ ನೆಡಬೇಕು. ಏರಿಳಿತ ವರ್ಷಕ್ಕೆ 5% ಎಂದು ಹಾಕಿದರೆ ಸೂತ್ರ ಸುಮಾರು 14 ರೂಪಾಯಿ ಹೇಳುತ್ತದೆ. 45% ಎಂದರೆ 1,059. ನಮ್ಮ 190 ಇವೆರಡರ ನಡುವೆ ಇದೆ. ಉತ್ತರವೂ 5 ಮತ್ತು 45ರ ನಡುವೆಯೇ ಇದೆ. ಈಗ ನಡುಮಧ್ಯದ 25 ಹಾಕಿ ನೋಡಿ: 497 ರೂಪಾಯಿ, ಹೆಚ್ಚಾಯಿತು. ಹಾಗಾದರೆ 25ರಿಂದ 45ರ ವರೆಗಿನ ಅರ್ಧವನ್ನು ಪೂರ್ತಿ ಬಿಟ್ಟುಬಿಡಬಹುದು. ಉಳಿದದ್ದು 5ರಿಂದ 25, ಅದರ ನಡು 15. ಅಲ್ಲಿ 227, ಇನ್ನೂ ಹೆಚ್ಚು. ಮುಂದಿನ ನಡು 10, ಅಲ್ಲಿ 105 ಆಗಿ ಕಡಿಮೆಯಾಯಿತು. ಈಗ ಉತ್ತರ 10 ಮತ್ತು 15ರ ನಡುವೆ ಸಿಕ್ಕಿಬಿದ್ದಿದೆ. 12.5ಕ್ಕೆ 164, ಕಡಿಮೆ. 13.75ಕ್ಕೆ 195, ಹೆಚ್ಚು. 13.125ಕ್ಕೆ 179, ಕಡಿಮೆ. ಏಳನೆಯ ಹೆಜ್ಜೆಯಲ್ಲಿ, 13.44ರ ಹತ್ತಿರ, 187 ಬರುತ್ತದೆ. ಹೀಗೇ ಮುಂದುವರಿದರೆ ಉತ್ತರ 13.5%ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಎಷ್ಟು ಹೆಜ್ಜೆ ಬೇಕೆಂದು ಮೊದಲೇ ಹೇಳಬಹುದು. ಆರಂಭದ ಅಂತರ 40. ಪ್ರತಿ ಸಲ ಅದು ಅರ್ಧವಾಗುತ್ತದೆ. ಹನ್ನೆರಡು ಸಲ ಅರ್ಧಿಸಿದರೆ 40ನ್ನು 4,096ರಿಂದ ಭಾಗಿಸಿದಂತೆ, ಅಂದರೆ ಅಂತರ 0.01ಕ್ಕಿಂತ ಕಡಿಮೆ. ಆಪ್ಷನ್ ಯಾವುದೇ ಇರಲಿ, ಪೇಟೆ ಶಾಂತವಿರಲಿ ಕುದಿಯುತ್ತಿರಲಿ, ಹನ್ನೆರಡೇ. ಇದೇ ಕೆಲಸಕ್ಕೆ ನ್ಯೂಟನ್ನನ ಹೆಸರಿನ ವಿಧಾನವನ್ನೂ ಬಳಸುತ್ತಾರೆ. ಅದು ಇಳಿಜಾರು ನೋಡಿ ಜಿಗಿಯುತ್ತದೆ, ಬಹಳ ಸಲ ನಾಲ್ಕೈದು ಹೆಜ್ಜೆಗೇ ಮುಟ್ಟುತ್ತದೆ. ಆದರೆ ಸ್ಟ್ರೈಕ್ ತೀರ ದೂರವಿದ್ದಾಗ ಇಳಿಜಾರು ಸೊನ್ನೆಗೆ ಹತ್ತಿರವಾಗಿ, ಒಂದೇ ಜಿಗಿತಕ್ಕೆ ಋಣ ಸಂಖ್ಯೆಯ ಕಡೆಗೋ ಸಾವಿರ ಪ್ರತಿಶತದ ಕಡೆಗೋ ಹಾರಿಬಿಡುವುದುಂಟು. ಅರ್ಧಿಸುವ ವಿಧಾನಕ್ಕೆ ಇಳಿಜಾರು ಬೇಕಿಲ್ಲ. ಹೆಚ್ಚೋ ಕಡಿಮೆಯೋ ಎಂಬ ಒಂದು ಉತ್ತರ ಸಾಕು. ಸಾವಿರಾರು ಆಪ್ಷನ್‌ಗಳನ್ನು ಕ್ಷಣಕ್ಕೊಮ್ಮೆ ಲೆಕ್ಕಿಸಬೇಕಾದವರನ್ನು ಬಿಟ್ಟರೆ, ಮಿಕ್ಕವರಿಗೆ ನಾನು ಸೂಚಿಸುವುದು ಇದನ್ನೇ.

```python
from math import log, sqrt, exp, erf

def N(x):
    return 0.5 * (1 + erf(x / sqrt(2)))

def call(F, K, T, r, s):
    a = s * sqrt(T)
    d1 = log(F / K) / a + a / 2
    return exp(-r * T) * (F * N(d1) - K * N(d1 - a))

def iv(price, F, K, T, r, lo=0.05, hi=0.45):
    if not call(F, K, T, r, lo) < price < call(F, K, T, r, hi):
        return None
    while hi - lo > 0.0001:
        mid = (lo + hi) / 2
        if call(F, K, T, r, mid) < price:
            lo = mid
        else:
            hi = mid
    return (lo + hi) / 2

print(iv(190, 25000, 25500, 30/365, 0.06))
```

ಈ ತುಣುಕಿನಲ್ಲಿ ಮುಖ್ಯವಾದ ಸಾಲು `return None`. ಗಡಿಗಳನ್ನು ಪರೀಕ್ಷಿಸದೆ ಹುಡುಕಾಟಕ್ಕೆ ಇಳಿದರೂ ಅದು ತಕರಾರಿಲ್ಲದೆ ಹನ್ನೆರಡು ಹೆಜ್ಜೆ ನಡೆದು ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ನಿಜವಾದ ಉತ್ತರ ಗಡಿಯ ಹೊರಗಿದ್ದರೆ ಆ ಸಂಖ್ಯೆ 5.00 ಎಂದೋ 45.00 ಎಂದೋ ಗಡಿಗೇ ಅಂಟಿಕೊಂಡಿರುತ್ತದೆ. ಮೇಲಿನ ಗಡಿಗೆ ಅಂಟಿದ್ದರೆ ಗಡಿಯನ್ನೇ ಎತ್ತರಿಸಿ ಮತ್ತೆ ಹುಡುಕಿ. 2020ರ ಮಾರ್ಚ್‌ನಲ್ಲಿ ಪೇಟೆಯ ಏರಿಳಿತ ಸೂಚಿ ಇಂಡಿಯಾ ವಿಕ್ಸ್ 80 ದಾಟಿತ್ತು. ಅಂಥ ದಿನಕ್ಕೆ 45 ಸಾಲದು. (ಅಂದಹಾಗೆ, ವಿಕ್ಸ್ ಅನ್ನು ಒಂದೊಂದು ಆಪ್ಷನ್ನಿನ ಐವಿ ಹುಡುಕಿ ಸರಾಸರಿ ಮಾಡಿ ತೆಗೆಯುವುದಿಲ್ಲ. ಹಲವು ಸ್ಟ್ರೈಕ್‌ಗಳ ಬೆಲೆಗಳನ್ನು ನೇರವಾಗಿ ಕೂಡಿಸುವ ಬೇರೆಯದೇ ಸೂತ್ರ ಅದಕ್ಕಿದೆ.)

ಕೆಳಗಿನ ಗಡಿಯ ಕತೆ ಬೇರೆ. ಅದೇ ಫ್ಯೂಚರ್ಸ್ 25,000ಕ್ಕೆ 22,000ದ ಕಾಲ್ ತೆಗೆದುಕೊಳ್ಳಿ. ಏರಿಳಿತ ಸೊನ್ನೆ ಎಂದುಕೊಂಡರೂ ಅದು 3,000 ರೂಪಾಯಿಯ ಇಂದಿನ ಬೆಲೆಯಷ್ಟು, ಅಂದರೆ ಸುಮಾರು 2,985 ಬಾಳುತ್ತದೆ. ಪರದೆಯಲ್ಲಿ ‘ಕೊನೆಯ ವಹಿವಾಟು 2,970’ ಎಂದಿದ್ದರೆ ಯಾವ ಏರಿಳಿತ ಹಾಕಿದರೂ ಸೂತ್ರ ಆ ಮಟ್ಟಕ್ಕೆ ಇಳಿಯದು. ಇಲ್ಲಿ ದೋಷ ಹುಡುಕಾಟದ್ದಲ್ಲ, ಬೆಲೆಯದು. ಇಷ್ಟು ಆಳದ ಸ್ಟ್ರೈಕ್‌ಗಳಲ್ಲಿ ವಹಿವಾಟು ವಿರಳ. ಬೆಳಿಗ್ಗೆ ನಡೆದ ವ್ಯವಹಾರದ ಬೆಲೆಯೇ ಮಧ್ಯಾಹ್ನದವರೆಗೂ ಪರದೆಯಲ್ಲಿ ಕುಳಿತಿರುತ್ತದೆ, ಅಷ್ಟರಲ್ಲಿ ಫ್ಯೂಚರ್ಸ್ ಎಲ್ಲಿಗೋ ಸರಿದಿರುತ್ತದೆ. ಆದ್ದರಿಂದ ಕೊನೆಯ ವಹಿವಾಟಿನ ಬೆಲೆ ಬಿಟ್ಟು ಈ ಕ್ಷಣದ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನದನ್ನು ಹಿಡಿಯಬೇಕು. ಆಗಲೂ 22,000ದ ಕಾಲ್ ಹೆಚ್ಚೇನೂ ಹೇಳದು. ಏರಿಳಿತ 5%ರಿಂದ 13%ಕ್ಕೆ ಏರಿದರೂ ಅದರ ಬೆಲೆ ಏಳು ಪೈಸೆಯಷ್ಟು ಕದಲುತ್ತದೆ, ಅಷ್ಟೆ. ನಮ್ಮ 25,500ರ ಕಾಲ್‌ನಲ್ಲಾದರೆ ಒಂದು ಪ್ರತಿಶತಕ್ಕೇ 25 ರೂಪಾಯಿ ವ್ಯತ್ಯಾಸ. ಆಳದ ಸ್ಟ್ರೈಕ್‌ಗಳ ಐವಿಯನ್ನು ದಶಮಾಂಶ ಸಹಿತ ಬರೆಯುವುದು ನನ್ನ ಪ್ರಕಾರ ತೋರಿಕೆ ಮಾತ್ರ. ಐವಿ ಬೇಕಿದ್ದರೆ ಅದೇ ಸ್ಟ್ರೈಕ್‌ನ ಪುಟ್ ಬೆಲೆಯಿಂದ ತೆಗೆಯುವುದು ಲೇಸು.

ಪುಟ್ ಎಂದರೆ ಮಾರುವ ಹಕ್ಕು. ನಮ್ಮ ಲೆಕ್ಕ ಸರಿಯಿದೆಯೇ ಎಂದು ತಿಳಿಯುವ ಒರೆಗಲ್ಲೂ ಅದರಲ್ಲೇ ಇದೆ. ಒಂದೇ ಸ್ಟ್ರೈಕ್, ಒಂದೇ ದಿನದ ಕಾಲ್ ಮತ್ತು ಪುಟ್ ಒಂದೇ ಐವಿ ಕೊಡಬೇಕು. ಇದು ಯುರೋಪಿಯನ್ ಮಾದರಿಯ, ಅಂದರೆ ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಆಪ್ಷನ್‌ಗಳ ಮಾತು. ನಿಫ್ಟಿ ಆಪ್ಷನ್‌ಗಳು ಅಂಥವು. ಬಿಡಿ ಕಂಪನಿಗಳ ಆಪ್ಷನ್‌ಗಳೂ 2011ರಿಂದ ಹಾಗೇ ಆಗಿವೆ. 25,500ರ ಪುಟ್ ಬೆಲೆ 687.50 ಇದ್ದರೆ ಅದೂ 13.5%ವನ್ನೇ ಹೇಳುತ್ತದೆ. ಈಗ ಫ್ಯೂಚರ್ಸ್‌ನ 25,000 ಹಾಕಬೇಕಾದ ಜಾಗದಲ್ಲಿ ಯಾರೋ ಸೂಚ್ಯಂಕದ 24,877 ಹಾಕಿದರು ಎನ್ನಿ. ಕಾಲ್‌ನ ಐವಿ 15%ಕ್ಕೆ ಏರುತ್ತದೆ, ಪುಟ್‌ನದು ಸುಮಾರು 9.5%ಕ್ಕೆ ಕುಸಿಯುತ್ತದೆ. ಹುಡುಕಾಟ ಎರಡು ಕಡೆಯೂ ಅಚ್ಚುಕಟ್ಟಾಗಿಯೇ ಮುಗಿದಿರುತ್ತದೆ, ಉತ್ತರ ಮಾತ್ರ ಎರಡೂ ತಪ್ಪು. ಒಂದೇ ಸ್ಟ್ರೈಕ್‌ನ ಎರಡು ಐವಿಗಳು ಹೀಗೆ ದೂರ ಸರಿದಿದ್ದರೆ ಪೇಟೆಯಲ್ಲಿ ಏನೋ ವಿಶೇಷ ನಡೆದಿದೆ ಎಂದುಕೊಳ್ಳುವ ಮೊದಲು ತಾನು ಹಾಕಿದ ಫ್ಯೂಚರ್ಸ್ ಬೆಲೆಯನ್ನು ನೋಡಿಕೊಳ್ಳಬೇಕು.

ಇನ್ನೊಂದು ತಪ್ಪು ಈ ಒರೆಗಲ್ಲಿಗೂ ಸಿಗುವುದಿಲ್ಲ, ಕಾಲ್ ಪುಟ್ ಎರಡನ್ನೂ ಅದು ಒಂದೇ ಕಡೆಗೆ ಎಳೆಯುವುದರಿಂದ. ಅದು ದಿನದ ಲೆಕ್ಕ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಆಪ್ಷನ್‌ಗಳು ಮಂಗಳವಾರ ಮುಗಿಯುತ್ತವೆ. ಶುಕ್ರವಾರ ಸಂಜೆ ಪೇಟೆ ಮುಚ್ಚಿದಾಗ ಉಳಿದದ್ದೆಷ್ಟು? ಕ್ಯಾಲೆಂಡರ್ ಎಣಿಸಿದರೆ 365ರಲ್ಲಿ 4 ದಿನ. ವಹಿವಾಟಿನ ದಿನ ಎಣಿಸಿದರೆ 252ರಲ್ಲಿ 2. ಸೂತ್ರ ಕಾಲದ ವರ್ಗಮೂಲವನ್ನು ಹಿಡಿಯುವುದರಿಂದ, ಎರಡನೆಯ ಲೆಕ್ಕದಲ್ಲಿ 14% ಬಂದ ಐವಿ ಮೊದಲನೆಯದರಲ್ಲಿ 12%ಕ್ಕೂ ತುಸು ಕೆಳಗೆ ಬರುತ್ತದೆ. ಆಪ್ಷನ್ ಅದೇ, ಪ್ರೀಮಿಯಂ ಅದೇ, ಹುಡುಕಾಟವೂ ಅದೇ. ಎರಡು ತಾಣಗಳು ಒಂದೇ ಆಪ್ಷನ್ನಿಗೆ ಬೇರೆ ಬೇರೆ ಐವಿ ತೋರಿಸಿದರೆ, ಯಾವುದು ಸರಿ ಎಂದು ಜಗಳಕ್ಕಿಳಿಯುವ ಮುನ್ನ ಎರಡೂ ದಿನವನ್ನು ಹೇಗೆ ಎಣಿಸುತ್ತವೆ ಎಂದು ವಿಚಾರಿಸಿ.